ಬ್ಯಾಡ್ಜಿನ ಎರಡನೇ ಸಾಲು

ನಾನು ಫೋಟೋ ತಿದ್ದುವವನು. ಮದುಮಗಳ ಮೊಡವೆ ಅಳಿಸಿದ್ದೇನೆ, ಬೋಳುತಲೆಗೆ ಕೂದಲು ನೆಟ್ಟಿದ್ದೇನೆ, ಮುನಿಸಿಕೊಂಡು ಮದುವೆಗೆ ಬಾರದ ಚಿಕ್ಕಪ್ಪನನ್ನು ತಂದು ಗುಂಪಿನಲ್ಲಿ ನಿಲ್ಲಿಸಿದ್ದೇನೆ. ಇಂಥ ನನಗೆ ಅಂಗೈಯಗಲದ ಒಂದು ತಗಡು ನೀರು ಕುಡಿಸಿತು.

ಆ ತಗಡು ಭಾವನ ಎದೆಯ ಮೇಲಿನದು. ಭಾವ ಅಗ್ನಿಶಾಮಕ ದಳದಲ್ಲಿದ್ದರು. ಮೂರು ಸಲ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದು, ನಾಲ್ಕನೇ ಸಲ ಪಾಸಾಗಿ ದಳನಾಯಕರಾದರು. ಆದೇಶ ಮಂಗಳವಾರ ಕೈಗೆ ಬಂತು. ಬುಧವಾರ ಅಕ್ಕ ಅವರನ್ನು ಕಿಟಕಿಯ ಪಕ್ಕ ನಿಲ್ಲಿಸಿ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಳು. ಶುಕ್ರವಾರ ಗೋದಾಮಿನ ಚಾವಣಿ ಅವರ ಮೇಲೆ ಕುಸಿಯಿತು. ಹೊಸ ಬ್ಯಾಡ್ಜ್ ಬರಲೇ ಇಲ್ಲ.

ಠಾಣೆಯಲ್ಲಿ ದಳನಾಯಕರ ಫೋಟೋಗಳಿಗೆಂದೇ ಒಂದು ಗೋಡೆಯಿದೆ. ಅಲ್ಲಿ ಭಾವನ ಫೋಟೋ ಹಾಕಬೇಕೆಂದು ಅಕ್ಕ ಠಾಣಾಧಿಕಾರಿಯ ಮುಂದೆ ಕೂತು ಅತ್ತಿದ್ದಳು. ಅವರು ಕೊನೆಗೆ ಒಪ್ಪಿದರು, ಆದರೆ ಷರತ್ತು ಹಾಕಿದರು. "ಬ್ಯಾಡ್ಜ್ ಮೇಲೆ ದಳನಾಯಕ ಅಂತ ಇರ್ಬೇಕಮ್ಮ. ಅಂಟಿಸಿದ ಹಾಗೆ ಕಂಡ್ರೆ ಹುಡುಗ್ರು ಆಡಿಕೊಳ್ತಾರೆ. ಹಾಗಾದ್ರೆ ನಾನು ಹಾಕಲ್ಲ." ಫೋಟೋ ಇವತ್ತು ನಾಲ್ಕು ಗಂಟೆಗೆ ಗೋಡೆಗೇರಬೇಕು. ಕಟ್ಟು ಹಾಕುವವನಿಗೆ ಮೂರಕ್ಕೆ ಕೊಡಬೇಕು. ನಾಳೆ ಆ ಅಧಿಕಾರಿಗೆ ವರ್ಗ. ಹೊಸಬರಿಗೆ ಈ ಕತೆಯೆಲ್ಲ ಯಾರು ಹೇಳುವುದು?

ಬೆಳಗ್ಗೆ ಅಂಗಡಿಯಲ್ಲಿ ಅಕ್ಕನನ್ನು ಪಕ್ಕಕ್ಕೆ ಕೂರಿಸಿಕೊಂಡು ನಾನು ಗತ್ತಿನಿಂದಲೇ ಕೂತೆ. ಹಳೆಯ ಬ್ಯಾಡ್ಜಿನ ಮೇಲ್ಭಾಗದಲ್ಲಿ 'ಅಗ್ನಿಶಾಮಕ ದಳ' ಎಂಬ ಉಬ್ಬಕ್ಷರ, ಕೆಳಭಾಗ ಖಾಲಿ. ಅಲ್ಲಿ 'ದಳನಾಯಕ' ಎಂದು ಬರೆದು, ಕಂಪ್ಯೂಟರಿನಲ್ಲಿ ಅಕ್ಷರ ಉಬ್ಬಿಸುವ ಸಿದ್ಧ ಗುಂಡಿ ಒತ್ತಿದೆ. ಹತ್ತು ನಿಮಿಷದ ಕೆಲಸ. ಪ್ರಿಂಟ್ ತೆಗೆದು ಅಕ್ಕನ ಕೈಗಿತ್ತು, ಕಾಲ ಮೇಲೆ ಕಾಲು ಹಾಕಿ ಕೂತೆ.

ಫೋಟೋ ಒಯ್ಯಲು ಭಾವನ ಗಾಡಿಯ ಚಾಲಕ ಬಂದಿದ್ದ. ದಿನಾ ಬೆಳಗ್ಗೆ ಬ್ಯಾಡ್ಜ್ ತಿಕ್ಕಿ ಹೊಳೆಯಿಸುವ ಮನುಷ್ಯ. ಪ್ರಿಂಟನ್ನು ನೋಡಿ ಹುಬ್ಬು ಗಂಟಿಕ್ಕಿದ.

"ಇದೇನಣ್ಣ, ಅಕ್ಷರ ಒಳಗೆ ಹೋಗಿದೆ? ನಮ್ಮದು ಉಬ್ಬಿದ್ದು. ಇದು ಯಾರೋ ಮೊಳೆಯಲ್ಲಿ ಕೆತ್ತಿದ ಹಾಗಿದೆ."

ನೋಡಿದೆ. ಕಿಟಕಿ ಇದ್ದದ್ದು ಚಿತ್ರದ ಬಲಕ್ಕೆ. ಹಳೆಯ ಅಕ್ಷರಗಳ ಬಲ ಅಂಚು ಬೆಳ್ಳಗೆ ಮಿಂಚುತ್ತಿತ್ತು. ಸಿದ್ಧ ಗುಂಡಿ ಯಾವಾಗಲೂ ಬೆಳಕನ್ನು ಎಡ ಮೇಲಿನಿಂದ ತರುತ್ತದೆ. ಎಡ ಅಂಚು ಮಿಂಚಿದ್ದಕ್ಕೆ ನನ್ನ ಅಕ್ಷರ ಹಳ್ಳ ಬಿದ್ದಿತ್ತು. ಹದಿನೈದು ವರ್ಷದ ಅನುಭವ ಬೇರೆ!

ದಿಕ್ಕು ಬದಲಿಸಿದೆ. ಆಗ ಅಕ್ಷರ ಉಬ್ಬಿತು, ಆದರೆ ಲೋಹವಾಗಲಿಲ್ಲ, ಬೂದು ಪ್ಲಾಸ್ಟಿಕ್ಕಾಯಿತು. ಮೇಲಿನ ಸಾಲಿನ 'ದಳ'ವನ್ನೇ ನಕಲು ಮಾಡಿ ಕೆಳಗಿಟ್ಟೆ. ಅದು ಬಲತುದಿಯ ಪದ, ಕಿಟಕಿಗೆ ಹತ್ತಿರ. ಎಡತುದಿಗೆ ತಂದರೆ ಅಷ್ಟು ಹೊಳಪು ಎಲ್ಲಿಂದ ಬರಬೇಕು? ಅದೂ ಸುಳ್ಳೆಂದು ಕೂಗಿತು. ಗಂಟೆ ಹನ್ನೆರಡೂವರೆ.

"ಆಗಲ್ವೇನೋ?" ಎಂದಳು ಅಕ್ಕ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಯಗೊಳಿಸಿದ ಲೋಹಕ್ಕೆ ತನ್ನದೆಂಬ ಬಣ್ಣ ಕಡಿಮೆ, ಎದುರಿಗಿದ್ದದ್ದೇ ಅದರ ಬಣ್ಣ. ಬ್ಯಾಡ್ಜನ್ನು ಪರದೆ ತುಂಬ ದೊಡ್ಡದು ಮಾಡಿದೆ. ಬಲಕ್ಕೆ ಕಿಟಕಿಯ ಬಿಳಿ ಚೌಕ, ಎಡಕ್ಕೆ ಕೋಣೆಯ ಕತ್ತಲು, ನಡುವೆ ಮೊಣಕೈ ಎತ್ತಿ ಮೊಬೈಲ್ ಹಿಡಿದ ಪುಟ್ಟ ಆಕೃತಿ, ಅಕ್ಕ. ಆ ಆಕೃತಿಯ ಹಳದಿ ಬಟ್ಟೆ ಪ್ರತಿ ಅಕ್ಷರದ ಕೆಳಬಾಗಿದ ಅಂಚಿನಲ್ಲೂ ನೂಲಿನಷ್ಟು ತೆಳ್ಳಗೆ ಹರಿದಿತ್ತು. ಬ್ಯಾಡ್ಜ್ ನಡುವೆ ಉಬ್ಬಿದ ತಗಡಾದ್ದರಿಂದ ಕೆಳಸಾಲು ಇನ್ನಷ್ಟು ಕೆಳಕ್ಕೆ ಬಾಗಿದ ಜಾಗ. ಅಲ್ಲಿ ಆ ಹಳದಿ ಇನ್ನೂ ಹೆಚ್ಚು ಕಾಣಬೇಕು. ಎಷ್ಟು, ಎಲ್ಲಿ ತುಂಡಾಗಿ? ಊಹಿಸಿ ಬರೆಯಲು ನನ್ನಿಂದಾಗದು.

"ಅಕ್ಕ, ಇದರಲ್ಲಿ ನೀನಿದೀಯ. ನಡೀರಿ ಮನೆಗೆ," ಎಂದೆ. ಎರಡು ಬೀದಿಯಾಚೆ ಅಕ್ಕನ ಮನೆ. ಬುಧವಾರ ಫೋಟೋ ತೆಗೆದದ್ದೂ ಊಟದ ಹೊತ್ತಿಗೇ, ಬೆಳಕು ಅದೇ ಇರುತ್ತದೆ.

ಚಾಲಕನನ್ನು ಭಾವ ನಿಂತಲ್ಲೇ ನಿಲ್ಲಿಸಿದೆ. ಅವನ ಎದೆಯಲ್ಲೂ ಅದೇ ಬ್ಯಾಡ್ಜ್. ಅದರ ಮೇಲಂಚಿನ ಹಿಂದೆ ಮಡಚಿದ ರಟ್ಟು ಸಿಕ್ಕಿಸಿದೆ. ಬ್ಯಾಡ್ಜ್ ಮುಂದಕ್ಕೆ ಬಾಗಿ, ಮೇಲಿನ ಸಾಲು ಈಗ ಕೆಳಸಾಲಿನ ಕೋನದಲ್ಲಿ ನೆಲ ನೋಡತೊಡಗಿತು. ಕೆಳಗೆ ಬರೆಯಬೇಕಾದ ಅಕ್ಷರಕ್ಕೆ ಏನೇನು ಕಾಣುತ್ತದೆಂದು ಇನ್ನು ಇವೇ ಹೇಳಬೇಕು.

"ಅಕ್ಕ, ಅವತ್ತು ನಿಂತಲ್ಲೇ ನಿಂತು ನೀನೇ ತೆಗಿ."

ಅವಳು ಅಲುಗಲಿಲ್ಲ. "ಅವತ್ತು ಅವರು ಇನ್ನೊಂದು ತೆಗಿಯೇ ಅಂದ್ರು ಕಣೋ. ಒಲೆ ಮೇಲೆ ಹಾಲಿತ್ತು. ಹೊಸ ಬ್ಯಾಡ್ಜ್ ಬಂದ್ಮೇಲೆ ಎಷ್ಟು ಬೇಕೋ ಅಷ್ಟು ತೆಗೀತೀನಿ ಅಂತ ಗದರಿಸಿಬಿಟ್ಟೆ. ಅಲ್ಲಿ ಹೇಗೋ ನಿಂತ್ಕೊಳ್ಳಲಿ?"

ಆದರೂ ಅದಕ್ಕಿಂತ ಕ್ರೂರವಾದದ್ದನ್ನು ಕೇಳಬೇಕಿತ್ತು. ಅವಳು ಉಟ್ಟಿದ್ದದ್ದು ಬೂದು ಬಣ್ಣದ್ದು.

"ಅಕ್ಕ, ಆ ಹಳದಿ ಬಟ್ಟೆ..."

ಚಾಲಕ ತಲೆ ತಗ್ಗಿಸಿದ. ಭಾವ ಹೋಗಿ ಇನ್ನೂ ಹದಿನೆಂಟು ದಿನ. ಅಕ್ಕ ನನ್ನ ಮುಖವನ್ನೇ ನೋಡಿದಳು. ಹೊಡೆಯುತ್ತಾಳೆ ಅಂದುಕೊಂಡೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಗಡಿಯಾರ ನೋಡುತ್ತ, ನನ್ನನ್ನೇ ಬೈದುಕೊಳ್ಳುತ್ತ ನಿಂತೆ.

ಹಳದಿಯುಟ್ಟು ಬಂದಳು. ಮುಖ ತೊಳೆದಿದ್ದಳು. ಅವತ್ತಿನ ಹಾಗೆಯೇ ಮೊಣಕೈ ಎತ್ತಿ, ತೆಗೆದಳು. ಒಂದಲ್ಲ, ಮೂವತ್ತು ನಲವತ್ತು. "ಸಾಕಮ್ಮ," ಎಂದ ಚಾಲಕ. "ನಿಂತ್ಕೊಳ್ಳಿ," ಎಂದು ಗದರಿದಳು. ಕಣ್ಣೀರು ಸುರಿಯುತ್ತಿದ್ದರೂ ಬೆರಳು ನಿಲ್ಲಲಿಲ್ಲ.

ಒಂದೂವರೆಗೆ ಮತ್ತೆ ಕುರ್ಚಿಯಲ್ಲಿದ್ದೆ. ಹೊಸ ಫೋಟೋಗಳನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಅಂಚು ಬರೆದೆ. ಅಕ್ಷರದ ಚಪ್ಪಟೆ ಮುಖದಲ್ಲಿ ಬ್ಯಾಡ್ಜಿನ ಪ್ರತಿಬಿಂಬವೇ ಮುಂದುವರಿಯಲು ಬಿಟ್ಟೆ. ಬೆಳಕು ತಿರುಗುವುದು ಅಂಚಿನಲ್ಲಿ ಮಾತ್ರ. ಬಲಗಡೆಯ 'ಕ'ಕ್ಕೆ ಕಿಟಕಿಯ ಚುರುಕು ಬಿಳಿ, ಎಡಗಡೆಯ 'ದ'ಕ್ಕೆ ಮಂಕು ಚುಕ್ಕೆ. ಅಕ್ಷರದ ಬುಡದಲ್ಲಿ ತಗಡಿನ ಮೇಲೆ ಅದರದೇ ಮಸುಕು ನೆರಳು. ಕೆಳ ಅಂಚುಗಳಿಗೆ ಹಳದಿ. ಕೊನೆಗೆ ಎಲ್ಲವನ್ನೂ ಹಳೆಯ ಅಕ್ಷರದಷ್ಟೇ ತುಸು ಮಸುಕುಮಾಡಿ, ಮೊಬೈಲ್ ಫೋಟೋದ ಮರಳಿನಂಥ ಕಾಳುಕಾಳು ಚುಕ್ಕೆ ಬೆರೆಸಿದೆ. ಮೂರಕ್ಕೆ ಐದು ನಿಮಿಷ ಇತ್ತು.

ನಾಲ್ಕಕ್ಕೆ ಠಾಣಾಧಿಕಾರಿ ಕನ್ನಡಕ ಏರಿಸಿ ಚಿತ್ರದ ಹತ್ತಿರ ಹೋದರು. ಕಟ್ಟಿನ ಗಾಜಿನ ಮೇಲೆ, ಬ್ಯಾಡ್ಜ್ ಇದ್ದ ಕಡೆ, ಧೂಳೊರೆಸುವಂತೆ ಹೆಬ್ಬೆರಳಿನಿಂದ ಒಮ್ಮೆ ತಿಕ್ಕಿದರು. ಅವರೆಲ್ಲ ತಮ್ಮ ಬ್ಯಾಡ್ಜ್ ತಿಕ್ಕುವುದೂ ಹಾಗೆಯೇ.

"ಹಾಕಿ," ಎಂದರು.

ಎಲ್ಲರೂ ಹೋದ ಮೇಲೆ ಅಕ್ಕ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತಳು. ಇನ್ನೂ ಹಳದಿಯಲ್ಲೇ ಇದ್ದಳು, ಬದಲಿಸಲು ಹೊತ್ತೆಲ್ಲಿತ್ತು.

"ಇದರಲ್ಲಿ ನಾನಿದೀನಿ ಅಂದ್ಯಲ್ಲ, ಎಲ್ಲೋ?"

ತೋರಿಸಿದೆ. "ಮೇಲಿನ ಸಾಲಿನ ಕೆಳಗೆ ಹಳದಿ ನೂಲಿದೆಯಲ್ಲ, ಅದು ಬುಧವಾರದ್ದು. ಕೆಳಗಿನ ಸಾಲಿಂದು ಇವತ್ತಿಂದು."

ಬಹಳ ಹೊತ್ತು ಎರಡನ್ನೂ ನೋಡಿದಳು. "ಎರಡೂ ಒಂದೇ ತರ ಇದೆ," ಎಂದಳು. "ಗೊತ್ತೇ ಆಗಲ್ಲ."

ಗೊತ್ತಾಗದಿರಲೆಂದೇ ನಾನು ಬೆಳಗ್ಗೆಯಿಂದ ಹೆಣಗಿದ್ದು. ಆದರೂ ಅವಳು ಹಾಗೆಂದಾಗ ನನಗೆ ತಡೆಯಲಾಗಲಿಲ್ಲ. ಅವಳ ಭುಜಕ್ಕೆ ಮುಖವಿಟ್ಟು ಅತ್ತೆ. ಅವಳು ಮಾತ್ರ ಬೆರಳನ್ನು ಮೇಲಿನ ಸಾಲಿನ ಮೇಲೆ ಇಟ್ಟುಕೊಂಡೇ ನಿಂತಿದ್ದಳು.