ಅಧ್ಯಕ್ಷರ ಕೈಗುಣ

ಕುಂಡಗಿಡ ಸಂಘದ ಅಧ್ಯಕ್ಷರ ಭಾಷಣ ಬೇರಿನಿಂದಲೇ ಶುರುವಾಗುತ್ತಿತ್ತು. ಗಿಡ ನಿಧಾನವಾಗಿ ಸೊರಗಿದರೆ ಎಲೆ ನೋಡುತ್ತ ಕೂರಬೇಡಿ, ಕುಂಡದಿಂದ ಎತ್ತಿ ಬೇರು ನೋಡಿ ಎಂದು ಹೇಳಿ ಹೇಳಿ ಅವರ ಬಾಯಿ ಸವೆದಿತ್ತು. ಸ್ವಂತ ಮನೆಯ ಗಿಡ ಸೊರಗಿದಾಗ ಮಾತ್ರ ಅವರು ಎತ್ತಿ ನೋಡಲಿಲ್ಲ.

ಅದೇನು ಅಂತಿಂಥ ಗಿಡವೇ? ಲೋಳೆಸರದ ಜಾತಿಯ ಆ ಗಿಡದ ಮರಿಗಳನ್ನು ಮಣ್ಣಿನ ಸಮೇತ ಪುಟ್ಟ ಕುಂಡಗಳಲ್ಲಿಟ್ಟು ಹಂಚಿಯೇ ಅವರು ಅಧ್ಯಕ್ಷರಾಗಿದ್ದರು. ಅವರ ಕೈಗುಣವೇ ಬೇರೆ ಎಂದು ಜನ ಬಾಯ್ತುಂಬ ಹೊಗಳುತ್ತಿದ್ದರು. ಈಗ ಮತ್ತೆ ಚುನಾವಣೆ ಬಂದಿತ್ತು. ಆ ದಿನ ಗಿಡ ವೇದಿಕೆಯ ಮೇಲೆ ನಳನಳಿಸುತ್ತಿರದಿದ್ದರೆ ಅವರ ಮಾನ ಹೋದಂತೆ.

ಮಣ್ಣು ಒದ್ದೆಯಿದ್ದರೂ ಎಲೆ ಸುಕ್ಕುಗಟ್ಟುತ್ತಿತ್ತು, ಹೊಸ ಚಿಗುರಿನ ಸುಳಿವೇ ಇರಲಿಲ್ಲ. ಅಧ್ಯಕ್ಷರು ಕಿಟಕಿ ಬದಲಿಸಿದರು, ಗೊಬ್ಬರ ಹಾಕಿದರು, ಎಲೆಗೆ ಔಷಧಿ ಹೊಡೆದರು. ಬೇರು ನೋಡಬಾರದೇ ಎಂದ ಹೆಂಡತಿಯ ಮೇಲೆ, ನನಗೇ ಪಾಠ ಹೇಳುತ್ತೀಯಾ ಎಂದು ರೇಗಿದರು. ನಿಜ ಹೇಳಬೇಕೆಂದರೆ, ಎತ್ತಿದರೆ ಏನು ಕಾಣುತ್ತದೋ ಎಂದು ಅವರಿಗೆ ಭಯವಾಗಿತ್ತು.

ಇತ್ತ ಸದಸ್ಯರ ಮನೆಗಳಲ್ಲಿ ಮರಿಗಳೂ ಸೊರಗುತ್ತಿದ್ದವು. ಆದರೆ ಅಧ್ಯಕ್ಷರೇ ಕೊಟ್ಟ ಕುಂಡವನ್ನು ಕೆದಕುವ ಧೈರ್ಯ ಯಾರಿಗಿದೆ? ಅಧ್ಯಕ್ಷರು ಒಬ್ಬರಿಗೆ ನೀರು ಹೆಚ್ಚಾಯಿತೆಂದರು, ಇನ್ನೊಬ್ಬರಿಗೆ ಕಡಿಮೆಯಾಯಿತೆಂದರು. ಒಡಹುಟ್ಟಿದ ತಂಗಿಗಂತೂ, ನಿನಗೆ ಕೈಗುಣವೇ ಇಲ್ಲ ಎಂದು ಎಲ್ಲರೆದುರು ಅಂದುಬಿಟ್ಟರು. ಅವಳು ಆಮೇಲೆ ಸಭೆಗೆ ಬರಲೇ ಇಲ್ಲ.

ಚುನಾವಣೆಯ ಹಿಂದಿನ ದಿನ, ಕುಂಡ ಒರೆಸುವಾಗ ಗಿಡ ಸಡಿಲ ಹಲ್ಲಿನಂತೆ ಅಲ್ಲಾಡಿತು. ವಿಧಿಯಿಲ್ಲದೆ ಮಣ್ಣಿನ ಮುದ್ದೆಯ ಸಮೇತ ಎತ್ತಿದರು. ಮೇಲ್ಮಣ್ಣು ಚೊಕ್ಕಟವಾಗಿತ್ತು. ತಳದಲ್ಲಿ, ನೀರು ಬಸಿಯುವ ತೂತಿನ ಸುತ್ತ, ಹತ್ತಿಯಂಥ ಬಿಳಿ ಪದಾರ್ಥ ಅಂಟಿಕೊಂಡಿತ್ತು. ಕುಂಡದ ಒಳಮೈಗೂ ಅದೇ ಬಿಳಿ ಬೂದಿ. ಕಂದಿದ ಬೇರುಗಳ ನಡುವೆ ಬೇರಿನ ರಸ ಹೀರುವ, ರವೆಕಾಳಿನಷ್ಟು ಹಿಟ್ಟುತಿಗಣೆಗಳು ಆರಾಮವಾಗಿ ತೆವಳುತ್ತಿದ್ದವು. ಎಲೆಗೆ ಹೊಡೆದ ಔಷಧಿಯ ವಾಸನೆಯೂ ಅವಕ್ಕೆ ತಾಗಿರಲಿಲ್ಲ. ಕುಂಡದಡಿಯ ಅದೇ ತಟ್ಟೆಯಲ್ಲಿದ್ದ ಪಕ್ಕದ ಕುಂಡಗಳನ್ನು ಎತ್ತಿದರೆ ಅಲ್ಲೂ ಅವುಗಳದ್ದೇ ಸಂಸಾರ.

ಹೆಂಡತಿ ಬಗ್ಗಿ ನೋಡಿದಳು. "ಮರಿಗಳನ್ನ ಇದೇ ಮಣ್ಣಲ್ಲೇ ಕೊಟ್ಟಿದ್ದು ಅಲ್ವಾ? ನಿಮ್ಮ ಕೈಗುಣ ಎಲ್ಲರ ಮನೇಲೂ ಹಬ್ಬಿದೆ ಬಿಡಿ."

ಅಧ್ಯಕ್ಷರ ಮುಖ ಕಪ್ಪಿಟ್ಟಿತು. ಚುನಾವಣೆಗಿಂತ ಮೊದಲು ಅವರಿಗೆ ನೆನಪಾದದ್ದು ತಂಗಿ, ಅಂದು ತಲೆ ತಗ್ಗಿಸಿ ಎದ್ದುಹೋದ ಅವಳ ಮುಖ. ಮಣ್ಣುಗೈಯಲ್ಲೇ ಫೋನ್ ಮಾಡಿ, ತಪ್ಪು ನಿನ್ನದಲ್ಲ, ನನ್ನ ಕುಂಡದ್ದು ಎಂದು ಒಪ್ಪಿಕೊಂಡರು. ಮಣ್ಣನ್ನೆಲ್ಲ ಕಸಕ್ಕೆ ಹಾಕಿ ಬೇರು ತೊಳೆಯಬೇಕು, ಕೊಳೆತದ್ದನ್ನು ಕತ್ತರಿಸಿ ಔಷಧಿ ನೀರಿನಲ್ಲಿ ಅದ್ದಬೇಕು, ಹೊಸ ಮಣ್ಣಿನಲ್ಲಿ ನೆಟ್ಟು ಬೇರೆಯಾಗಿಡಬೇಕು, ಎಲ್ಲ ನಾನೇ ಬಂದು ಮಾಡಿಕೊಡುತ್ತೇನೆ ಎಂದರು.

ತಂಗಿ ಎಲ್ಲ ಕೇಳಿಸಿಕೊಂಡು ಹೇಳಿದಳು:

"ನನಗೆ ಕೈಗುಣ ಇಲ್ಲ ಅಂದ್ಯಲ್ಲಣ್ಣ, ಅದಕ್ಕೇ ನೀನು ಕೊಟ್ಟಿದ್ದ ಕುಂಡಗಳನ್ನೆಲ್ಲ ನಮ್ಮ ಬೀದಿಯವರಿಗೆ ಹಂಚಿಬಿಟ್ಟೆ. ನಿನ್ನ ಹೆಸರು ಹೇಳಿಯೇ ಕೊಟ್ಟೆ."