ಉದುರಿದ ಚೀಟಿ

ಬಾಯಿಪಾಠ ಮಾಡಿಸುವುದರಲ್ಲಿ ಕಾಡಪ್ಪ ಮಾಸ್ತರರದು ಎತ್ತಿದ ಕೈ. ಪುಣೆಯ ಆ ಕನ್ನಡ ಶಾಲೆಯಲ್ಲಿ ಯಾರ ಭಾಷಣವಿದ್ದರೂ ಪರದೆಯ ಮರೆಯಲ್ಲಿ ನಿಂತು, ಮರೆತ ಸಾಲನ್ನು ಪಿಸುಗುಡುವವರು ಅವರೇ. ಕಳೆದ ವಿಜ್ಞಾನ ದಿನದಂದು ಮಾತ್ರ ಅವರು ಜ್ವರ ಬಂದು ಮಲಗಿದ್ದರು. ಭೋಸರಿಯ ಕಾರ್ಖಾನೆಯೊಂದರಲ್ಲಿ ದುಡಿಯುವವನ ಮಗಳು ಮಾಧುರಿ ಅಂದು ವೇದಿಕೆಯ ಮೇಲೆ ಮಾತು ಮರೆತು, ಅಳುತ್ತ ಕೆಳಗಿಳಿದಳು. ಆಮೇಲೆ ತರಗತಿಯಲ್ಲಿ ಅವಳ ಬಾಯಿಂದ ಹೂಂ, ಉಹೂಂ ಬಿಟ್ಟರೆ ಬೇರೆ ಮಾತಿಲ್ಲ.

ಮಾಸ್ತರರಿಗೆ ಆ ಹುಡುಗಿಯನ್ನು ಕಂಡರೆ ಕರುಳು ಚುರುಕ್ಕೆನ್ನುತ್ತಿತ್ತು. ಈ ವರ್ಷ ಅವಳಿಗೇ ಭಾಷಣ ಕೊಟ್ಟರು: ಆವರ್ತ ಕೋಷ್ಟಕ ಯಾಕೆ ಅಷ್ಟು ಉಪಯುಕ್ತ? "ಹೆದರಬ್ಯಾಡ, ಪರದೆ ಹಿಂದ ನಾ ಇರ್ತೀನಿ" ಎಂದರು. ಈ ಸಲವೂ ಮುಗ್ಗರಿಸಿದರೆ ಹುಡುಗಿ ಮತ್ತೆಂದೂ ಬಾಯಿ ತೆರೆಯಲಾರಳು ಎಂದು ಅವರಿಗೆ ಗೊತ್ತಿತ್ತು.

ಧಾತುಗಳ ಹೆಸರು ಬರೆದ ಚೀಟಿಗಳನ್ನು ಮಕ್ಕಳು ದೊಡ್ಡ ಹಲಗೆಗೆ ಮೈದಾ ಅಂಟಿನಿಂದ ಹಚ್ಚಿದ್ದರು. ಮಾಧುರಿ ನಾಲ್ಕು ಮಾತು ಚೆನ್ನಾಗಿಯೇ ಆಡಿದಳು. ಅಷ್ಟರಲ್ಲಿ ಫ್ಯಾನಿನ ಗಾಳಿಗೆ ಪೊಟ್ಯಾಷಿಯಂ ಚೀಟಿ ಕಿತ್ತು ಹಾರಿತು. ಸಭೆಯಲ್ಲಿ ಕಿಸಕ್ಕೆಂದು ನಗು. ಹುಡುಗಿಯ ಮಾತು ನಿಂತೇಹೋಯಿತು.

ಮುಂದಿನ ಸಾಲು ಮಾಸ್ತರರ ನಾಲಿಗೆಯ ತುದಿಯಲ್ಲಿತ್ತು. ಬಾಯಿ ತೆರೆದರು. ಆದರೆ ಮಾಧುರಿ ಪರದೆಯತ್ತ ನೋಡದೆ ಹಲಗೆಯತ್ತ ತಿರುಗಿದ್ದಳು. ಅವರು ಸಾಲನ್ನು ನುಂಗಿಕೊಂಡರು.

"ಈ ಮನಿ ಖಾಲಿ ಆತು" ಎಂದಳು ಮಾಧುರಿ. ಪುಸ್ತಕದ ಕನ್ನಡ ಕೈಬಿಟ್ಟು ಮನೆಯ ಮಾತೇ ಬಂದಿತ್ತು. "ಆದ್ರ ಇಲ್ಲಿರೋದು ಎಂಥಾದ್ದು ಅಂತ ಹೇಳಬಹುದು. ಮ್ಯಾಲ ಸೋಡಿಯಂ ಅದ, ಕೆಳಗ ರುಬಿಡಿಯಂ ಅದ. ಈ ಸಾಲಿನವಕ್ಕೆಲ್ಲ ಹೊರಗಿನ ಕವಚದಾಗ ಒಂದ ಇಲೆಕ್ಟ್ರಾನ್. ಕೆಳಗ ಹೋದಂಗ ಅದು ಸಲೀಸಾಗಿ ಬಿಟ್ಟುಹೋಗ್ತದ. ಅಂದ್ರ ಇದು ಮೆತ್ತನ್ನ ಲೋಹ, ನೀರಿಗೆ ಹಾಕಿದ್ರ ಸೋಡಿಯಂಕಿಂತ ಜೋರು, ರುಬಿಡಿಯಂಕಿಂತ ಸ್ವಲ್ಪ ಸೌಮ್ಯ."

ಅವಳ ಬೆರಳು ಹಲಗೆಯ ಮೇಲೆ ಜರ್ಮೇನಿಯಂ ಚೀಟಿಯತ್ತ ಸರಿಯಿತು.

"ಈ ಕೋಷ್ಟಕ ಮಾಡಿದ ಮೆಂಡಲೀವ್ ಅವರೂ ಹಿಂಗ ಖಾಲಿ ಮನಿ ಬಿಟ್ಟು, ಅಲ್ಲಿ ಬರೋದರ ಗುಣ ಮೊದಲ ಹೇಳಿದ್ರು. ಜರ್ಮೇನಿಯಂ ಆಮ್ಯಾಲ ಸಿಕ್ತು, ಭಾಳ ಮಟ್ಟಿಗೆ ಅವರು ಹೇಳಿದಂಗ ಇತ್ತು. ಎಲ್ಲಾನೂ ಬಾಯಿಪಾಠ ಮಾಡಬೇಕಾಗಿಲ್ಲರಿ. ಜಾಗ ಗೊತ್ತಿದ್ರ ಗುಣ ಗೊತ್ತಾಗ್ತದ. ಅದಕ್ಕ ಈ ಕೋಷ್ಟಕ ಉಪಯೋಗದ್ದು."

ಬಾಯಿಪಾಠದ ಮಾತಿಗೆ ಮಾಸ್ತರರಿಗೆ ನಗೆಯೂ ಬಂತು, ಕಣ್ಣೂ ತುಂಬಿತು. ಚಪ್ಪಾಳೆಯ ನಡುವೆ ಹುಡುಗಿ ಪರದೆಯ ಹಿಂದಕ್ಕೆ ಬಂದಳು.

"ನನ್ನ ಕಡೆ ಒಮ್ಮೆನೂ ನೋಡಲಿಲ್ಲಲ್ಲ ನೀ?" ಎಂದರು ಮಾಸ್ತರರು.

"ಯಾಕ ನೋಡಬೇಕ್ರಿ ಸರ್?" ಎಂದಳು ಮಾಧುರಿ. "ನೀವು ಎಲ್ಲಿರ್ತೀರಿ ಅಂತ ಗೊತ್ತಿತ್ತಲ್ಲ."