ನೂರಕ್ಕೆ ಎಂಬತ್ತೊಂದು

ಕೃಷ್ಣಪ್ಪನವರು ಮೂರನೇ ವಾರವೂ ಮೆಟ್ಟಿಲು ಹತ್ತಿ ಬಂದಾಗ ಶೋಭಿತಾಗೆ ತಲೆ ಚಿಟ್ಟು ಹಿಡಿಯಿತು. ಹಾಸನದಲ್ಲಿ ಜನರ ನಿವೃತ್ತಿ ದುಡ್ಡಿಗೆ ಯೋಜನೆ ಹಾಕಿಕೊಡುವ ಕೆಲಸ ಅವಳದು. ಚನ್ನರಾಯಪಟ್ಟಣದ ಖಾಸಗಿ ಕಾಲೇಜಿನಲ್ಲಿ ಮೇಷ್ಟ್ರಾಗಿದ್ದ ಇವರಿಗೆ ಪಿಂಚಣಿಯಿಲ್ಲ, ಕೂಡಿಟ್ಟದ್ದೇ ಗತಿ. ಸರಿ, ಪಾಪ ಅನ್ನೋಣ. ಆದರೆ ಜೀವನಪೂರ್ತಿ ಪೇಪರ್ ತಿದ್ದಿದ ಚಾಳಿ ಎಲ್ಲಿ ಹೋದೀತು? ಪರದೆಯ ಮೇಲೆ ಎಂಬತ್ತೊಂದು ಅಂತ ಕಂಡದ್ದೇ ತಡ, ಅದು ಮಾರ್ಕ್ಸು ಅಂತ ತೀರ್ಮಾನ ಮಾಡಿಬಿಟ್ಟಿದ್ದರು.

"ಇನ್ನೊಂದ್ಸಲ ಒತ್ತಿ ಮೇಡಂ."

ಒತ್ತಿದಳು. ಎಂಬತ್ತು. ಮುಖ ಸಪ್ಪಗಾಯಿತು. ಮತ್ತೆ ಒತ್ತಿದಳು. ಎಂಬತ್ತೆರಡು. ಇದನ್ನೇ ಪ್ರಿಂಟ್ ತೆಗೀರಿ ಅಂದರು.

ಅಯ್ಯೋ ದೇವರೇ! ಹಲ್ಲು ಕಚ್ಚಿಕೊಂಡು ಮತ್ತೆ ಮೊದಲಿಂದ ಹೇಳಿದಳು. ಒತ್ತಿದಾಗಲೆಲ್ಲ ಕಂಪ್ಯೂಟರು ಚೀಟಿ ಎತ್ತಿದ ಹಾಗೆ ಹೊಸದಾಗಿ ಸಾವಿರ ಭವಿಷ್ಯ ಕಟ್ಟುತ್ತದೆ. ಒಂದರಲ್ಲಿ ಶೇರು ಮಾರ್ಕೆಟ್ ಶುರುವಿಗೇ ಬೀಳುತ್ತದೆ, ಇನ್ನೊಂದರಲ್ಲಿ ಕೊನೆಗೆ. ಸುಮಾರು ಎಂಟುನೂರ ಹತ್ತರಲ್ಲಿ ನಿಮ್ಮ ದುಡ್ಡು ತೊಂಬತ್ತು ವಯಸ್ಸಿನವರೆಗೆ ಬರುತ್ತದೆ, ಉಳಿದವುಗಳಲ್ಲಿ ಬರುವುದಿಲ್ಲ. ಒಂದೆರಡು ಅಂಕ ಆಚೀಚೆ ಆದರೆ ಅದಕ್ಕೆ ಅರ್ಥವಿಲ್ಲ. ದುಡ್ಡು ಎಪ್ಪತ್ತಕ್ಕೆ ಮುಗಿದರೂ ಫೇಲು, ಎಂಬತ್ತೊಂಬತ್ತಕ್ಕೆ ಮುಗಿದರೂ ಫೇಲು; ನಿಮ್ಮ ಫೇಲುಗಳಲ್ಲಿ ಮುಕ್ಕಾಲುಪಾಲು ಎಂಬತ್ತೈದು ದಾಟಿದ ಮೇಲಿನವು. ಮಾರ್ಕೆಟ್ ಬಿದ್ದಾಗ ನೀವು ಖರ್ಚು ಬಿಗಿ ಹಿಡೀತೀರಿ ಅನ್ನುವುದು ಈ ಲೆಕ್ಕಕ್ಕೆ ಗೊತ್ತಿಲ್ಲ. ಬಡ್ಡಿ, ಲಾಭ, ಬೆಲೆ ಏರಿಕೆ ಎಲ್ಲ ನಾನು ಊಹಿಸಿ ಹಾಕಿದ್ದು; ಊಹೆ ಕೆಟ್ಟರೆ ಎಂಬತ್ತೊಂದೂ ಕೆಟ್ಟಿತು.

ಗೋಡೆಗೆ ಹೇಳಿದ್ದರೂ ಆಗುತ್ತಿತ್ತು. ಎಂಬತ್ತೈದು ಬಂದರೆ ಡಿಸ್ಟಿಂಕ್ಷನ್ನು ಅಲ್ಲವಾ ಅಂದರು. ಒಂದು ಖರ್ಚು ತೆಗೆದುಬಿಡಿ ಅಂದರು: ಹೆಂಡತಿ ಜಯಲಕ್ಷ್ಮಮ್ಮನ ಎರಡೂ ಮಂಡಿಯ ಆಪರೇಷನ್ನು. ಸಿಟ್ಟಿನಲ್ಲೇ ತೆಗೆದು ಒತ್ತಿದಳು. ಎಂಬತ್ತಾರು. ಮೇಷ್ಟ್ರ ಮುಖ ಅರಳಿತು, ಪ್ರಿಂಟ್ ತಾವೇ ಎಳೆದುಕೊಂಡರು.

"ಅಮ್ಮನ್ನ ಕೇಳಿದ್ರಾ ಸಾರ್?"

"ಕೆಳಗೇ ಅವ್ಳೆ ಕಣ್ರೀ, ಮೆಡಿಕಲ್ ಶಾಪ್ ಕಟ್ಟೆ ಮೇಲೆ. ಮೆಟ್ಲು ಅತ್ತಕ್ಕಾಗಲ್ಲ."

ಮೂರು ವಾರದಿಂದಲೂ ಹಾಗೇ ಕೂರಿಸಿ ಬರುತ್ತಿದ್ದರಂತೆ. ಶೋಭಿತಾಗೆ ಮೈಯೆಲ್ಲ ಉರಿದುಹೋಯಿತು. ದಡದಡ ಇಳಿದಳು, ಮೇಷ್ಟ್ರೂ ಹಾಳೆ ಹಿಡಿದು ಹಿಂದೆಯೇ ಬಂದರು. ಎಂಬತ್ತಾರು ಬಂತು ನೋಡು, ಆಪರೇಷನ್ ಒಂದು ಬಿಟ್ಟರೆ ಸಾಕು ಅಂತ ಹೆಂಡತಿಗೆ ತೋರಿಸಿದರು.

ಜಯಲಕ್ಷ್ಮಮ್ಮ ಮಂಡಿ ನೀವಿಕೊಳ್ಳುತ್ತ ಹಾಳೆಯನ್ನೇ ನೋಡಿದರು. ಆಮೇಲೆ ಶೋಭಿತಾ ಕಡೆ ತಿರುಗಿದರು.

"ಈ ಎಂಬತ್ತಾರ್ರಲ್ಲಿ ಎಷ್ಟ್ರಲ್ಲಿ ನಾನು ಎದ್ದು ಓಡಾಡ್ತೀನವ್ವ?"

"ಅದನ್ನ ಇದು ನೋಡೋದೇ ಇಲ್ಲ ಅಮ್ಮ. ದುಡ್ಡು ಉಳಿದ್ರೆ ಪಾಸು, ಅಷ್ಟೆ."

ಬಸ್ಸಿಗೆ ಹೊತ್ತಾಗಿತ್ತು. ಜಯಲಕ್ಷ್ಮಮ್ಮ ಕಟ್ಟೆಗೆ ಕೈಯೂರಿದರು, ಏಳಲಾಗಲಿಲ್ಲ. ಇನ್ನೊಂದು ಸಲ ಊರಿದರು. ಮೇಷ್ಟ್ರು ಹಾಳೆಯನ್ನು ಕಂಕುಳಿಗೆ ಸಿಕ್ಕಿಸಿ ಎರಡೂ ಕೈ ಕೊಟ್ಟು ಎಬ್ಬಿಸಿದರು. ಎದ್ದ ಮೇಲೂ ಆ ಕೈ ಬಿಡಲಿಲ್ಲ.

"ಮಂಡಿ ವಾಪಸ್ ಹಾಕ್ಬುಡಿ ಮೇಡಂ," ಅಂದರು. "ಎಷ್ಟು ಬತ್ತದೆ ಅಂತ ಮಾತ್ರ ನಂಗೆ ಹೇಳ್ಬ್ಯಾಡಿ."